ಪಾವತಿ ತಕರಾರಿನಿಂದ ಒಂದು ಗೂಗಲ್ ಆಡ್ಸ್ ಖಾತೆ ಅಮಾನತು, ಅದರ ಬೆನ್ನಿಗೇ ಎರಡನೆಯದೂ: ಮೇಲ್ಮನವಿಯನ್ನು ಯಾವುದರಿಂದ ಆರಂಭಿಸಬೇಕು?

ಇಳಕಲ್ ಮಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ ಸೀರೆಗಳ ಸಣ್ಣ ವ್ಯಾಪಾರ. ನೇಕಾರರಿಂದ ಸೀರೆ ತಂದು ನಮ್ಮದೇ ಜಾಲತಾಣದಲ್ಲಿ ಮಾರುತ್ತೇವೆ. ಬೆಂಗಳೂರು, ಪುಣೆ, ಸೊಲ್ಲಾಪುರದ ಗಿರಾಕಿಗಳು ಹೆಚ್ಚು, ಅವರಲ್ಲಿ ಬಹುಪಾಲು ಜನ ಗೂಗಲ್ ಜಾಹೀರಾತು ನೋಡಿಯೇ ಬರುವವರು.

ಜಾಹೀರಾತು ನೋಡಿಕೊಳ್ಳಲು ಒಂದು ಏಜೆನ್ಸಿಗೆ ಒಪ್ಪಿಸಿದ್ದೆವು. ಖಾತೆ ನನ್ನ ಇಮೇಲಿನಲ್ಲಿತ್ತು, ಆದರೆ ಅದಕ್ಕೆ ಜೋಡಿಸಿದ್ದ ಕ್ರೆಡಿಟ್ ಕಾರ್ಡ್ ಅವರದು. ಗೂಗಲ್ಲಿಗೆ ಅವರು ಕಟ್ಟುತ್ತಿದ್ದರು, ತಿಂಗಳ ಕೊನೆಗೆ ತಮ್ಮ ಶುಲ್ಕವನ್ನೂ ಸೇರಿಸಿ ನಮಗೆ ಬಿಲ್ ಕೊಡುತ್ತಿದ್ದರು. ಕೆಲಸ ಸರಿಹೋಗದೆ ಒಪ್ಪಂದ ಮುಗಿಸಿದೆವು. ಅದಾದ ಕೆಲವು ವಾರಗಳಿಗೆ ಖಾತೆ ಅಮಾನತಾಯಿತು. ಕಾರಣದ ಜಾಗದಲ್ಲಿ `Suspicious payments` ಎಂದಿತ್ತು.

ಆಮೇಲೆ ಬಂದ ಹೊಸ ಮಾರ್ಕೆಟಿಂಗ್ ಹುಡುಗರು, ಹಳೆಯದನ್ನು ಬಿಡಿ ಎಂದು ಹೇಳಿ, ಅದೇ ಜಾಲತಾಣಕ್ಕೆ, ನನ್ನದೇ ಫೋನ್ ನಂಬರ್ ಮತ್ತು ಜಿಎಸ್‌ಟಿ ನಂಬರ್ ಕೊಟ್ಟು ಮತ್ತೊಂದು ಖಾತೆ ತೆರೆದರು. ಅದು ಕೆಲವೇ ದಿನ ನಡೆದು ನಿಂತಿತು. ಈ ಸಲ ಕಾರಣ `Circumventing systems`. ಎರಡನೆಯ ಖಾತೆಯಿಂದ ಮೇಲ್ಮನವಿ ಸಲ್ಲಿಸಿ, ನಮ್ಮ ಜಾಲತಾಣದಲ್ಲಿ ಮೋಸವೇನೂ ಇಲ್ಲ, ನಾವು ನಿಜವಾದ ವ್ಯಾಪಾರಿಗಳು ಎಂದು ಬರೆದೆವು. ತಿರಸ್ಕೃತವಾಗಿದೆ. ಬಂದ ಇಮೇಲಿನಲ್ಲಿ ಏನು ತಪ್ಪು ಎಂಬುದು ಸ್ಪಷ್ಟವಿಲ್ಲ. ಈಗ ಯಾವ ಖಾತೆಯಿಂದ, ಏನೆಂದು ಬರೆಯಬೇಕು? ಹೊಸ ಕಾರ್ಡ್ ಸೇರಿಸಿದರೆ ಸರಿಹೋಗುತ್ತದೆಯೇ?

ಡಿಜಿಟಲ್ ಗೆಳೆಯ

ಮೇಡಂ, ಮೇಲ್ಮನವಿಯಲ್ಲಿ ಕಾಲ ಕಳೆಯಬೇಡಿ. ಮನೆಯಲ್ಲಿ ಬೇರೆಯವರ ಹೆಸರಿನಲ್ಲಿ ಹೊಸ ಇಮೇಲ್, ಹೊಸ ಕಾರ್ಡ್, ಸಾಧ್ಯವಾದರೆ ಹೊಸ ಡೊಮೇನ್ ತೆಗೆದುಕೊಂಡು ಬೇರೆ ಇಂಟರ್ನೆಟ್ ಸಂಪರ್ಕದಿಂದ ಖಾತೆ ತೆರೆಯಿರಿ. ಹಿಂದಿನ ಹುಡುಗರು ಅದೇ ಫೋನ್ ಮತ್ತು ಅದೇ ಜಿಎಸ್‌ಟಿ ಕೊಟ್ಟದ್ದರಿಂದಲೇ ಸಿಕ್ಕಿಬಿದ್ದಿರುವುದು. ಅಲ್ಲದೆ ಗೂಗಲ್ ಮೂರು ಎಚ್ಚರಿಕೆ ಕೊಟ್ಟ ಮೇಲಷ್ಟೇ ಅಮಾನತು ಮಾಡಬೇಕು ಎಂಬ ನಿಯಮವಿದೆ. ನಿಮಗೆ ಎಚ್ಚರಿಕೆ ಬಂದಿರದಿದ್ದರೆ ಅದನ್ನೇ ಹಿಡಿದು ಕೇಳಬಹುದು.

ಅಡುಗೆಮನೆ ಚಾನೆಲ್

ನನಗೂ ಹೀಗೆಯೇ ಆಗಿದೆ. ನನ್ನ ಯೂಟ್ಯೂಬ್ ಚಾನೆಲ್ಲಿಗೆ ಬರುತ್ತಿದ್ದ ಜಾಹೀರಾತಿನ ಹಣ ನಿಂತುಹೋಗಿದೆ, ವಿಳಾಸದ ಪಿನ್ ಪರಿಶೀಲನೆ ಆಗಿಲ್ಲ ಎಂದು ತೋರಿಸುತ್ತಿದೆ. ಅಂಚೆಯಲ್ಲಿ ಬರಬೇಕಾದ ಪಿನ್ ಇನ್ನೂ ಬಂದಿಲ್ಲ. ನಾನೂ ಇದೇ ಮೇಲ್ಮನವಿ ಅರ್ಜಿ ತುಂಬಬೇಕೇ?

ಲೆಕ್ಕದ ಪುಸ್ತಕ

ನಾನು ಲೆಕ್ಕಪತ್ರದ ಕೆಲಸ ಮಾಡುವವನು. ನನ್ನ ಅನುಭವದಲ್ಲಿ ಇಂತಹ ಪಾವತಿ ತೊಂದರೆಗಳ ಮೂಲ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಮರುಕಳಿಸುವ ಪಾವತಿಗಳಿಗೆ ಮುಂಚಿತವಾಗಿ ಸೂಚನೆ ಕಳಿಸಬೇಕು, ಮಿತಿ ಮೀರಿದ ಮೊತ್ತವಾದರೆ ಪ್ರತಿ ಸಲವೂ ಗ್ರಾಹಕರು ಓಟಿಪಿ ಕೊಟ್ಟು ಒಪ್ಪಬೇಕು. ಆ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರಲ್ಲಿ 15,000ಕ್ಕೆ ಏರಿತು. ಏಜೆನ್ಸಿಯ ಕಾರ್ಡಿನಿಂದ ದೊಡ್ಡ ಮೊತ್ತ ಕಡಿತವಾಗದೆ ಗೂಗಲ್ ಅನುಮಾನಪಟ್ಟಿರಬೇಕು. ಯುಪಿಐ ಮೂಲಕ ಮುಂಗಡ ಕಟ್ಟುವ ವಿಧಾನಕ್ಕೆ ಬದಲಾದರೆ ಈ ತೊಂದರೆ ಇರುವುದಿಲ್ಲ.

ಕ್ಲಿಕ್ಕಿನ ಕೂಲಿ

ಹಲವು ವರ್ಷಗಳಿಂದ ಬೇರೆಯವರ ಗೂಗಲ್ ಆಡ್ಸ್ ಖಾತೆಗಳನ್ನು ನಡೆಸುವುದೇ ನನ್ನ ಕೆಲಸ. ಮೊದಲು ಅಡುಗೆಮನೆಯವರಿಗೆ ಹೇಳಿಬಿಡುತ್ತೇನೆ: ನಿಮ್ಮದು ಆಡ್‌ಸೆನ್ಸ್, ಅಂದರೆ ಗೂಗಲ್ ನಿಮಗೆ ಹಣ ಕೊಡುವ ಖಾತೆ. ಇಲ್ಲಿ ಮಾತಾಡುತ್ತಿರುವುದು ನಾವು ಗೂಗಲ್ಲಿಗೆ ಹಣ ಕೊಡುವ ಖಾತೆಯ ಬಗ್ಗೆ. ನಿಮ್ಮ ತೊಂದರೆಗೂ ಇದಕ್ಕೂ ಸಂಬಂಧವಿಲ್ಲ, ನಿಮ್ಮ ಆಡ್‌ಸೆನ್ಸ್ ಪುಟದಲ್ಲಿಯೇ ಪಿನ್ ಮತ್ತೆ ಕಳಿಸಲು ಕೋರುವ ಅವಕಾಶವಿದೆ.

ಲೆಕ್ಕದ ಪುಸ್ತಕದವರು ಹೇಳಿದ ನಿಯಮ ನಿಜ, ಆದರೆ ಅದು ಈ ಪ್ರಸಂಗದ ಕಾರಣವಲ್ಲ. ಕಾರ್ಡ್ ತಿರಸ್ಕೃತವಾದರೆ ಆಗುವುದಿಷ್ಟು: ಜಾಹೀರಾತುಗಳು ನಿಲ್ಲುತ್ತವೆ, ಪಾವತಿ ಆಗಿಲ್ಲ, ಸರಿಪಡಿಸಿ ಎಂಬ ಸೂಚನೆ ಬರುತ್ತದೆ, ಬಾಕಿ ಕಟ್ಟಿದೊಡನೆ ಮತ್ತೆ ಓಡುತ್ತವೆ. ಅದಕ್ಕೆ ಮೇಲ್ಮನವಿಯ ಪ್ರಶ್ನೆಯೇ ಬರುವುದಿಲ್ಲ. ಬಹಳ ದಿನ ಬಾಕಿ ಉಳಿದು ಅಮಾನತಾದರೂ ಸಂಬಂಧವಿರುವುದು ಬಾಕಿಗೆ ಮಾತ್ರ. ಆದರೆ `Suspicious payments` ಎನ್ನುವುದು ಹಣ ಬರಲಿಲ್ಲ ಎಂಬ ದೂರಲ್ಲ. ಈ ಹಣ ಕೊಡುತ್ತಿರುವವರಿಗೆ ಹಾಗೆ ಕೊಡುವ ಹಕ್ಕಿದೆಯೇ ಎಂಬ ಸಂಶಯ. ಕಾರ್ಡಿನ ಹೆಸರೊಂದು, ಪಾವತಿ ಪ್ರೊಫೈಲಿನ ಹೆಸರೊಂದು ಇದ್ದಾಗ, ಕಾರ್ಡಿನ ಒಡೆಯರು ತಮ್ಮ ಬ್ಯಾಂಕಿಗೆ ಹೋಗಿ ಈ ವಹಿವಾಟು ನಾನು ಒಪ್ಪಿದ್ದಲ್ಲ ಎಂದು ಹಣ ವಾಪಸ್ ಪಡೆದಾಗ, ಹಿಂದೆ ಹಣ ಬಾಕಿ ಉಳಿಸಿಕೊಂಡ ಖಾತೆಯ ಕಾರ್ಡು ಇಲ್ಲಿ ಬಳಕೆಯಾದಾಗ ಈ ಸಂಶಯ ಹುಟ್ಟುತ್ತದೆ.

ಮೇಡಂ, ಒಪ್ಪಂದ ಮುಗಿದ ಕೆಲವು ವಾರಕ್ಕೆ ಅಮಾನತು ಎಂದಿರಿ, ಅದು ನನ್ನ ಗಮನ ಸೆಳೆಯಿತು. ಏನನ್ನೂ ಬರೆಯುವ ಮೊದಲು ಹಳೆಯ ಖಾತೆಗೆ ಲಾಗಿನ್ ಆಗಿ. ಅಮಾನತಾದ ಖಾತೆಯನ್ನು ತೆರೆದು ನೋಡಲು ಅಡ್ಡಿಯಿಲ್ಲ, ಜಾಹೀರಾತು ಓಡಿಸಲು ಮಾತ್ರ ಆಗುವುದಿಲ್ಲ. ಬಿಲ್ಲಿಂಗ್ ವಿಭಾಗದ `Transactions` ಪುಟದಲ್ಲಿ ಕೊನೆಯ ಎರಡು ಮೂರು ತಿಂಗಳ ಸಾಲುಗಳನ್ನು ನೋಡಿ, ಆಗಿಹೋದ ಪಾವತಿಯೊಂದು ಹಿಂದಕ್ಕೆ ಹೋದಂತೆ ಎಲ್ಲಾದರೂ ತೋರಿಸುತ್ತಿದೆಯೇ ತಿಳಿಸಿ. ಅಲ್ಲಿಯವರೆಗೆ ದಯವಿಟ್ಟು ಮೂರನೆಯ ಖಾತೆ ತೆರೆಯಬೇಡಿ.

ಇಳಕಲ್ ಮಗ್ಗ

ನೋಡಿದೆ ಸರ್. ನೀವು ಊಹಿಸಿದಂತೆಯೇ ಇದೆ. ಕೊನೆಯ ತಿಂಗಳು 20,000 ರೂಪಾಯಿ ಜಾಹೀರಾತು ಖರ್ಚು, ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿ 23,600 ರೂಪಾಯಿ ಏಜೆನ್ಸಿಯ ಕಾರ್ಡಿನಿಂದ ಕಡಿತವಾಗಿತ್ತು. ಆಮೇಲಿನ ದಿನಾಂಕದಲ್ಲಿ ಅದೇ 23,600 ಚಾರ್ಜ್‌ಬ್ಯಾಕ್ ಎಂದು ತೋರಿಸಿ ನಮ್ಮ ಹೆಸರಿಗೆ ಮತ್ತೆ ಬಾಕಿಯಾಗಿ ನಿಂತಿದೆ. ಅಮಾನತಿನ ಇಮೇಲ್ ಬಂದಿರುವುದು ಅದರ ನಂತರ. ಆ ತಿಂಗಳ ಬಿಲ್ಲನ್ನು ನಾವು ಏಜೆನ್ಸಿಗೆ ಪೂರ್ತಿ ಕೊಟ್ಟಿದ್ದೇವೆ, ಬ್ಯಾಂಕ್ ವರ್ಗಾವಣೆಯ ದಾಖಲೆ ಇದೆ. ಅಂದರೆ ಅವರು ನಮ್ಮಿಂದಲೂ ತೆಗೆದುಕೊಂಡು ಬ್ಯಾಂಕಿನಿಂದಲೂ ವಾಪಸ್ ಪಡೆದಂತಾಯಿತಲ್ಲವೇ? ಇದನ್ನೇ ಮೇಲ್ಮನವಿಯಲ್ಲಿ ವಿವರವಾಗಿ ಬರೆದು ಏಜೆನ್ಸಿಯ ಮೇಲೆ ದೂರು ಕೊಡಲೇ?

ಕ್ಲಿಕ್ಕಿನ ಕೂಲಿ

ಹಾಗಾದರೆ ಗಂಟು ಎಲ್ಲಿದೆ ಎಂಬುದು ಸಿಕ್ಕಿತು. ನಿಮಗೂ ಏಜೆನ್ಸಿಗೂ ಇರುವ ವ್ಯಾಜ್ಯವನ್ನು ಮೇಲ್ಮನವಿ ಓದುವವರು ತೀರ್ಮಾನಿಸುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಅವರಿಗೆ ಬೇಕಿರುವುದು ಮೂರು ಉತ್ತರಗಳು: ಆ ಹಣದ ತಕರಾರು ಏಕೆ ಬಂತು, ಈಗ ಬಾಕಿ ತೀರಿದೆಯೇ, ಇನ್ನು ಮುಂದೆ ಯಾರು ಯಾವ ಕಾರ್ಡಿನಿಂದ ಕಟ್ಟುತ್ತಾರೆ. ದೂರಿನ ಭಾಷೆಯಲ್ಲಿ ಬರೆದ ಮೇಲ್ಮನವಿಗಳಲ್ಲಿ ಈ ಮೂರೂ ಕಳೆದುಹೋಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಡಿಜಿಟಲ್ ಗೆಳೆಯರ ಮಾತಿಗೆ ಈಗ ಬರುತ್ತೇನೆ, ಏಕೆಂದರೆ ಮೇಡಂ ಅವರ ತೊಂದರೆ ದೊಡ್ಡದಾಗಿದ್ದು ಅದೇ ಬಗೆಯ ಸಲಹೆಯಿಂದ. ವ್ಯವಸ್ಥೆಯನ್ನು ವಂಚಿಸುವುದು ಎಂದು ಗೂಗಲ್ ಕರೆಯುವ ಕೆಲಸಗಳ ಪೈಕಿ, ಅಮಾನತಾದ ಮೇಲೆ ಬೇರೆ ಖಾತೆ ತೆರೆದು ಮತ್ತೆ ಜಾಹೀರಾತು ನೀಡಲು ಯತ್ನಿಸುವುದೂ ಒಂದು ಎಂದು ಅವರ ನೀತಿಯಲ್ಲೇ ಬರೆದಿದೆ. ಎಂದರೆ ಮೊದಲ ಖಾತೆಯ ಮೇಲೆ ಇದ್ದದ್ದು ದಾಖಲೆ ಕೊಟ್ಟು ಬಿಡಿಸಿಕೊಳ್ಳಬಹುದಾದ ಪಾವತಿ ತಕರಾರು. ಎರಡನೆಯ ಖಾತೆ ತೆರೆದ ಗಳಿಗೆಯಲ್ಲಿ ಅದು ನೀತಿಯ ಅತ್ಯಂತ ಗಂಭೀರ ಉಲ್ಲಂಘನೆಗಳ ಸಾಲಿಗೆ ಸೇರಿತು. ಫೋನು ಮತ್ತು ಜಿಎಸ್‌ಟಿ ಒಂದೇ ಆಗಿದ್ದರಿಂದ ಸಿಕ್ಕಿಬಿದ್ದರು ಎನ್ನುವುದು ಅರ್ಧ ಸತ್ಯ. ಅವು ಬೇರೆಯಾಗಿದ್ದರೂ ತಾಣ ಅದೇ, ಸೀರೆಯ ಚಿತ್ರಗಳು ಅವೇ. ಹೆಸರು, ಡೊಮೇನ್ ಎಲ್ಲವನ್ನೂ ಬದಲಾಯಿಸಿದರೆ ಅದು ಇನ್ನೂ ಕೆಟ್ಟದು, ಏಕೆಂದರೆ ಮರೆಮಾಚುವ ಉದ್ದೇಶವಿತ್ತು ಎಂಬುದಕ್ಕೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತದೆ. ಸಿಕ್ಕಿಬಿದ್ದ ದಿನ ಪ್ರಾಮಾಣಿಕವಾಗಿ ಹೇಳಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಮೂರು ಎಚ್ಚರಿಕೆಯ ವಿಚಾರ. ಅಂತಹ ಪದ್ಧತಿ ಇದೆ, ಆದರೆ ಅದು ಆಯ್ದ ಕೆಲವು ನೀತಿಗಳಿಗೆ ಮಾತ್ರ ಅನ್ವಯಿಸುತ್ತದೆ. ಅಲ್ಲಿ ಮೊದಲು ಎಚ್ಚರಿಕೆ, ಆಮೇಲೆ ಮೊದಲ ಸ್ಟ್ರೈಕಿಗೆ ಮೂರು ದಿನ ತಡೆ, ಎರಡನೆಯದಕ್ಕೆ ಏಳು ದಿನ, ಮೂರನೆಯದಕ್ಕೆ ಅಮಾನತು. `Circumventing systems` ಆ ಮೆಟ್ಟಿಲುಗಳ ಮೇಲೆ ನಡೆಯುವುದಿಲ್ಲ. ಕಂಡುಬಂದೊಡನೆ, ಮುನ್ಸೂಚನೆ ಇಲ್ಲದೆ ಖಾತೆಯನ್ನು ಅಮಾನತು ಮಾಡಲಾಗುತ್ತದೆ ಎಂದೇ ಆ ನೀತಿ ಹೇಳುತ್ತದೆ.

ಸರ್ವರ್ ಮೇಷ್ಟ್ರು

ನಡುವೆ ಒಂದು ಮಾತು. ಈ ದೋಷಾರೋಪ ಹೊಸ ಖಾತೆ ತೆರೆದವರಿಗೆ ಮಾತ್ರ ಬರುವುದಿಲ್ಲ. ನಾನು ನೋಡಿಕೊಳ್ಳುವ ಕಾಫಿಪುಡಿ ವ್ಯಾಪಾರಿಯೊಬ್ಬರ ವರ್ಡ್‌ಪ್ರೆಸ್ ತಾಣಕ್ಕೆ ಯಾರೋ ಕಳ್ಳ ಕೋಡ್ ತುಂಬಿದ್ದರು. ವಿಳಾಸ ಟೈಪ್ ಮಾಡಿ ಹೋದರೆ ತಾಣ ಚೆನ್ನಾಗಿಯೇ ಕಾಣುತ್ತಿತ್ತು. ಮೊಬೈಲಿನಲ್ಲಿ ಗೂಗಲ್ ಹುಡುಕಾಟದಿಂದ ಬಂದವರನ್ನು ಮಾತ್ರ ಬೇರೆ ಪುಟಕ್ಕೆ ದೂಡುತ್ತಿತ್ತು. ಪರಿಶೀಲಕರಿಗೆ ಒಂದು, ಗಿರಾಕಿಗೆ ಇನ್ನೊಂದು ತೋರಿಸುವುದು ಕ್ಲೋಕಿಂಗ್. ಅದೂ ಇದೇ ನೀತಿಯೊಳಗೆ ಬರುತ್ತದೆ. ಮಾಲೀಕರು ತಮ್ಮ ಕಂಪ್ಯೂಟರಿನಲ್ಲಿ ನೋಡಿ, ಏನೂ ತಪ್ಪಿಲ್ಲ ಎಂದು ಮೇಲ್ಮನವಿ ಬರೆದರು, ತಿರಸ್ಕೃತವಾಯಿತು. ಆದ್ದರಿಂದ ಮೇಡಂ, ಮೇಲ್ಮನವಿಗೆ ಮುನ್ನ ಈ ಎರಡು ಆಜ್ಞೆಗಳನ್ನು ನಿಮ್ಮ ತಾಣದ ವಿಳಾಸ ಹಾಕಿ ಓಡಿಸಿ ನೋಡಿ:

```
curl -sIL -A "AdsBot-Google (+http://www.google.com/adsbot.html)" https://example.com/
curl -sIL -A "Mozilla/5.0 (Linux; Android 13) Mobile" -e "https://www.google.com/" https://example.com/
```

ಮೊದಲನೆಯದು ಗೂಗಲ್ಲಿನ ಜಾಹೀರಾತು ಪರಿಶೀಲಕ ಬಾಟ್ ಹೆಸರಿನಲ್ಲಿ ಕೇಳುತ್ತದೆ, ಎರಡನೆಯದು ಹುಡುಕಾಟದಿಂದ ಬಂದ ಮೊಬೈಲ್ ಗಿರಾಕಿಯಂತೆ ಕೇಳುತ್ತದೆ. ಎರಡರಲ್ಲೂ `location` ಸಾಲುಗಳು ಒಂದೇ ಕಡೆ ಹೋಗಬೇಕು, ಕೊನೆಗೆ 200 ಬರಬೇಕು. ಎರಡನೆಯದರಲ್ಲಿ 200, ಮೊದಲನೆಯದರಲ್ಲಿ 403 ಬಂದರೆ ನಿಮ್ಮ ಸೆಕ್ಯುರಿಟಿ ಪ್ಲಗಿನ್ ಬಾಟ್‌ಗಳನ್ನು ಹೊರಗಿಡುತ್ತಿರಬಹುದು. ಪುಟದೊಳಗಿನ ಜಾವಾಸ್ಕ್ರಿಪ್ಟ್ ದೂಡುತ್ತಿದ್ದರೆ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಸರ್ಚ್ ಕನ್ಸೋಲಿನ `Security issues` ಪುಟವನ್ನೂ ನೋಡಬೇಕು, ನಿಜವಾದ ಫೋನಿನಲ್ಲಿ ಗೂಗಲ್ ಮೂಲಕವೇ ತಾಣಕ್ಕೆ ಹೋಗಿಯೂ ನೋಡಬೇಕು.

ಇಳಕಲ್ ಮಗ್ಗ

ನನ್ನ ತಂಗಿಯ ಮಗ ಓಡಿಸಿ ನೋಡಿದ. ಎರಡೂ ನಮ್ಮ ಮುಖಪುಟಕ್ಕೇ ಹೋಗಿ 200 ಬರುತ್ತದೆ. ಸರ್ಚ್ ಕನ್ಸೋಲಿನಲ್ಲಿಯೂ ಎಚ್ಚರಿಕೆ ಏನೂ ಇಲ್ಲ, ಫೋನಿನಲ್ಲಿಯೂ ಸರಿಯಾಗಿಯೇ ತೆರೆಯುತ್ತದೆ.

ಕ್ಲಿಕ್ಕಿನ ಕೂಲಿ

ಒಳ್ಳೆಯದು. ಹಾಗಾದರೆ ತಾಣದ ಮೇಲಿನ ಸಂಶಯ ಬಿಟ್ಟು ಎರಡನೆಯ ಖಾತೆಯೇ ಕಾರಣ ಎಂದು ಹಿಡಿದು ಮುಂದುವರಿಯಬಹುದು. ನಿಮ್ಮ ಮೊದಲ ಮೇಲ್ಮನವಿ ಏಕೆ ಬಿದ್ದುಹೋಯಿತು ಎಂಬುದೂ ಈಗ ಅರ್ಥವಾಗುತ್ತದೆ. ನೀವು ತಾಣ ಪ್ರಾಮಾಣಿಕವಾದುದು ಎಂದು ವಾದಿಸಿದಿರಿ, ಆದರೆ ಆರೋಪ ಇದ್ದದ್ದು ತಾಣದ ಮೇಲಲ್ಲ. ಅಮಾನತಾದ ಇನ್ನೊಂದು ಖಾತೆ ಇದೆ ಎಂಬ ಮಾತು ನಿಮ್ಮ ಪತ್ರದಲ್ಲಿ ಇರಲೇ ಇಲ್ಲ. ಪರಿಶೀಲಕರ ಮುಂದೆ ಆ ಕೊಂಡಿ ಕಾಣುತ್ತಿರುವಾಗ ನಾವು ಅದರ ಬಗ್ಗೆ ಮೌನವಾಗಿದ್ದರೆ ಉಳಿದ ಮಾತಿಗೂ ಬೆಲೆ ಸಿಗುವುದಿಲ್ಲ.

ನಾನಾಗಿದ್ದರೆ ಅನುಸರಿಸುವ ಕ್ರಮ ಹೇಳುತ್ತೇನೆ. ಎರಡನೆಯ ಖಾತೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಅದರ ಹಣೆಬರಹ ಮೊದಲನೆಯದಕ್ಕೆ ಅಂಟಿಕೊಂಡಿದೆ. ಮೊದಲ ಖಾತೆಯ ಬಾಕಿ 23,600 ರೂಪಾಯಿಯನ್ನು ನಿಮ್ಮದೇ ಹೆಸರಿನ ಕಾರ್ಡ್ ಅಥವಾ ಬ್ಯಾಂಕ್ ಖಾತೆಯಿಂದ ಕಟ್ಟಿಬಿಡಿ. ಅಮಾನತಾದ ಖಾತೆಯಲ್ಲೂ ಬಾಕಿ ಕಟ್ಟಲು ಬರುತ್ತದೆ. ಎರಡು ಸಲ ಕೊಟ್ಟಂತಾಯಿತು ಎಂಬ ನೋವು ನ್ಯಾಯವಾದದ್ದೇ, ಅದನ್ನು ಏಜೆನ್ಸಿಯಿಂದ ವಸೂಲು ಮಾಡುವ ದಾರಿ ಬೇರೆ. ಕಟ್ಟಿದ್ದು `Transactions` ಪುಟದಲ್ಲಿ ಜಮೆಯಾಗಿ, ಬಾಕಿ ಸೊನ್ನೆ ಎಂದು ತೋರಿಸುವವರೆಗೆ ಕಾಯಿರಿ.

ಆಮೇಲೆ ಬಳಕೆದಾರರ ಪಟ್ಟಿಯನ್ನು ನೋಡಿ. ಏಜೆನ್ಸಿಯ ಇಮೇಲುಗಳು ಮತ್ತು ಅವರ ಮ್ಯಾನೇಜರ್ ಖಾತೆಯ ಜೋಡಣೆ ಇನ್ನೂ ಇದ್ದರೆ ತೆಗೆದುಹಾಕಿ. ಇದು ಶಿಷ್ಟಾಚಾರದ ಮಾತಲ್ಲ. ಒಂದೇ ಮ್ಯಾನೇಜರ್ ಖಾತೆಯಡಿ ಇರುವ, ಒಂದೇ ಪಾವತಿ ವಿಧಾನ ಬಳಸುವ ಖಾತೆಗಳನ್ನು ಗೂಗಲ್ ಸಂಬಂಧಿತ ಖಾತೆಗಳೆಂದು ನೋಡುತ್ತದೆ. ಅವರ ಬೇರೊಬ್ಬ ಗ್ರಾಹಕರ ಖಾತೆ ಅಮಾನತಾದರೆ ಅದರ ಬಿಸಿ ನಿಮಗೂ ತಟ್ಟಬಹುದು. `Change history` ಪುಟದಲ್ಲಿ ಯಾವ ಇಮೇಲಿನಿಂದ ಯಾವಾಗ ಏನು ಬದಲಾಯಿತು ಎಂಬುದು ಸಿಗುತ್ತದೆ, ಅದರ ಚಿತ್ರ ತೆಗೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಮೊದಲ ಖಾತೆಯ ಮೇಲ್ಭಾಗದಲ್ಲಿ ಕಾಣುವ ಅಮಾನತಿನ ಸೂಚನೆಯಿಂದಲೇ ಮೇಲ್ಮನವಿಗೆ ಹೋಗಿ.

ಲೆಕ್ಕದ ಪುಸ್ತಕ

ಕಾರ್ಡ್ ತಿರಸ್ಕಾರಕ್ಕೂ ಅಮಾನತಿಗೂ ಇರುವ ವ್ಯತ್ಯಾಸ ಒಪ್ಪಿದೆ. ಆದರೆ ದಾಖಲೆಗಳ ವಿಷಯದಲ್ಲಿ ನನ್ನದೊಂದು ಎಚ್ಚರಿಕೆ, ಇದರಲ್ಲಿ ಎಡವಿದ ಗ್ರಾಹಕರು ನನಗೆ ಹಲವರಿದ್ದಾರೆ. ಮೇಡಂ, ನಿಮ್ಮದು ಮಾಲೀಕತ್ವದ ಸಂಸ್ಥೆಯಾಗಿದ್ದರೆ ಜಿಎಸ್‌ಟಿ ನೋಂದಣಿ ಪತ್ರದಲ್ಲಿ ಎರಡು ಹೆಸರುಗಳಿರುತ್ತವೆ. ಕಾನೂನುಬದ್ಧ ಹೆಸರು ನಿಮ್ಮ ವೈಯಕ್ತಿಕ ಹೆಸರು, ಪ್ಯಾನ್ ಕಾರ್ಡಿನಲ್ಲಿ ಇರುವಂತೆ. ವ್ಯಾಪಾರದ ಹೆಸರು ಅಂಗಡಿಯದು. ಮಾಲೀಕತ್ವದ ಸಂಸ್ಥೆಗೆ ಪ್ರತ್ಯೇಕ ಪ್ಯಾನ್ ಇರುವುದಿಲ್ಲ. ಗೂಗಲ್ ಪಾವತಿ ಪ್ರೊಫೈಲಿನಲ್ಲಿ ಅಂಗಡಿಯ ಹೆಸರಿದ್ದು, ಪರಿಶೀಲನೆಗೆ ಪ್ಯಾನ್ ಕೊಟ್ಟರೆ ಹೆಸರು ಹೊಂದುವುದಿಲ್ಲ. ಪ್ರೊಫೈಲಿನಲ್ಲಿ ಏನಿದೆ, ಕಾರ್ಡಿನ ಮೇಲೆ ಏನಿದೆ, ಕೊಡುವ ಪತ್ರದಲ್ಲಿ ಏನಿದೆ, ಮೂರನ್ನೂ ಒಟ್ಟಿಗಿಟ್ಟು ಅಕ್ಷರಕ್ಷರ ಹೋಲಿಸಿ. ಇನಿಷಿಯಲ್ ಹಿಂದುಮುಂದಾಗಿರುವುದು ನಮ್ಮಲ್ಲಿ ಬಹಳ ಸಾಮಾನ್ಯ.

ಇಳಕಲ್ ಮಗ್ಗ

ಸರಿಯಾಗಿ ಹೇಳಿದಿರಿ. ಪ್ರೊಫೈಲಿನಲ್ಲಿ ಅಂಗಡಿಯ ಹೆಸರು ಮಾತ್ರ ಇದೆ. ಜಿಎಸ್‌ಟಿ ಪತ್ರದಲ್ಲಿ ಎರಡೂ ಇವೆ. ನನ್ನ ಕಾರ್ಡಿನಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಸೇರಿವೆ, ಪ್ಯಾನಿನಲ್ಲಿ ಅಡ್ಡಹೆಸರು ಮೊದಲು. ಪ್ರೊಫೈಲಿನಲ್ಲಿ ಹೆಸರನ್ನು ತಿದ್ದಬೇಕೇ?

ಕ್ಲಿಕ್ಕಿನ ಕೂಲಿ

ಮೇಲ್ಮನವಿಯ ಹೊಸ್ತಿಲಲ್ಲಿ ನಿಂತು ಪ್ರೊಫೈಲಿನ ಹೆಸರು ತಿದ್ದುವುದು ನನಗೆ ಇಷ್ಟವಿಲ್ಲ. ಸಂಶಯದಲ್ಲಿರುವ ಖಾತೆಯಲ್ಲಿ ಗುರುತಿನ ವಿವರ ಬದಲಾಗುವುದು ಅವರ ಕಣ್ಣಿಗೆ ಹೇಗೆ ಕಂಡೀತು ಯೋಚಿಸಿ. ಜಿಎಸ್‌ಟಿ ಪತ್ರವೊಂದರಲ್ಲೇ ಎರಡೂ ಹೆಸರುಗಳು ಅಕ್ಕಪಕ್ಕದಲ್ಲಿ ಇರುವುದರಿಂದ ಅದೇ ನಿಮಗೆ ಅತ್ಯುತ್ತಮ ಸೇತುವೆ. ಅಂಗಡಿಯೂ ನೀವೂ ಒಂದೇ ಎಂದು ಅದು ತೋರಿಸುತ್ತದೆ. ಕಾರ್ಡಿನ ದಾಖಲೆ ಕೇಳಿದರೆ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ಮುಚ್ಚಿ, ಸಿವಿವಿ ಎಂದೂ ಕೊಡಬೇಡಿ. ಚಿತ್ರ ಮಸುಕಾಗಿರಬಾರದು, ಅಂಚು ಕತ್ತರಿಸಿರಬಾರದು.

ಮೇಲ್ಮನವಿಯ ಅರ್ಜಿಯಲ್ಲಿ ನಿಮ್ಮ ವ್ಯವಹಾರ ಏನು, ಜಾಲತಾಣ ಯಾರದು, ಜಾಹೀರಾತಿಗೆ ಹಣ ಯಾರು ಕಟ್ಟುತ್ತಾರೆ, ಇತ್ತೀಚೆಗೆ ಏನು ಬದಲಾಯಿತು ಎಂಬಂತಹ ಪ್ರಶ್ನೆಗಳು ಇರುತ್ತವೆ. ಉತ್ತರ ಇಂಗ್ಲಿಷಿನಲ್ಲಿ ಬರೆಯಿರಿ, ಸಾರವನ್ನು ಇಲ್ಲಿ ಕೊಡುತ್ತೇನೆ:

«ನಾವು ಇಳಕಲ್ ಸೀರೆಗಳನ್ನು ನಮ್ಮದೇ ಜಾಲತಾಣದಲ್ಲಿ ಮಾರುವ ಮಾಲೀಕತ್ವದ ಸಂಸ್ಥೆ. ಇಂಥ ತಿಂಗಳವರೆಗೆ ಒಂದು ಏಜೆನ್ಸಿ ತನ್ನ ಕಾರ್ಡಿನಿಂದ ನಮ್ಮ ಪರವಾಗಿ ಹಣ ಕಟ್ಟುತ್ತಿತ್ತು. ಒಪ್ಪಂದ ಮುಗಿದ ನಂತರ ಇಂಥ ದಿನಾಂಕದ 23,600 ರೂಪಾಯಿ ಪಾವತಿಯ ಮೇಲೆ ಆ ಕಾರ್ಡಿನವರು ತಮ್ಮ ಬ್ಯಾಂಕಿನಲ್ಲಿ ತಕರಾರು ಎತ್ತಿದ್ದಾರೆ. ಆ ಮೊತ್ತವನ್ನು ಇಂಥ ದಿನ ನಮ್ಮ ಹೆಸರಿನ ಕಾರ್ಡಿನಿಂದ ಪೂರ್ತಿ ಕಟ್ಟಿದ್ದೇವೆ. ಏಜೆನ್ಸಿಯ ಪ್ರವೇಶವನ್ನು ತೆಗೆದಿದ್ದೇವೆ. ಇನ್ನು ಮುಂದೆ ಮಾಲೀಕರ ಕಾರ್ಡು ಮಾತ್ರ ಬಳಕೆಯಾಗುತ್ತದೆ. ಈ ಖಾತೆ ಅಮಾನತಾದ ನಂತರ ನಮ್ಮ ಪರವಾಗಿ ಇನ್ನೊಂದು ಖಾತೆ ತೆರೆಯಲಾಗಿತ್ತು, ಅದರ ಸಂಖ್ಯೆ ಇದು. ಅದನ್ನು ನಾವು ಬಳಸುತ್ತಿಲ್ಲ, ಬೇರೆ ಯಾವ ಖಾತೆಯೂ ನಮಗಿಲ್ಲ.»

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ನಾವು ಬಡವರು, ಹಬ್ಬದ ವ್ಯಾಪಾರ ಹೋಯಿತು ಎಂಬುದೆಲ್ಲ ನಿಜವಿದ್ದರೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಮ್ಮೆ ಸಲ್ಲಿಸಿದ ಮೇಲೆ ಉತ್ತರ ಬರುವವರೆಗೆ ಇನ್ನೊಂದನ್ನು ಕಳಿಸಬೇಡಿ. ಹೊಸ ಸಂಗತಿ ಇಲ್ಲದೆ ಅದೇ ಪತ್ರವನ್ನು ಪದೇ ಪದೇ ಕಳಿಸಿದರೆ ಉತ್ತರವೂ ಅದೇ ಬರುತ್ತದೆ.

ಡಿಜಿಟಲ್ ಗೆಳೆಯ

ಇಷ್ಟು ಪ್ರಾಮಾಣಿಕವಾಗಿ ಎರಡನೆಯ ಖಾತೆಯ ಸಂಖ್ಯೆ ಕೊಡುವುದು ನಮ್ಮ ಕೊರಳಿಗೆ ನಾವೇ ಹಗ್ಗ ಹಾಕಿಕೊಂಡಂತೆ ಎಂದು ನನಗೆ ಈಗಲೂ ಅನಿಸುತ್ತದೆ. ನನ್ನ ಗ್ರಾಹಕರಿಗೆ ಹೊಸ ಖಾತೆಗಳು ನಡೆದಿವೆ. ಎಲ್ಲವೂ ಸಿಕ್ಕಿಬೀಳುವುದಿಲ್ಲ.

ಕ್ಲಿಕ್ಕಿನ ಕೂಲಿ

ನಡೆದಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಆ ಖಾತೆಗಳು ಯಾವ ದಿನ ನಿಲ್ಲುತ್ತವೆ ಎಂದು ನಿಮ್ಮ ಗ್ರಾಹಕರಿಗೆ ನೀವು ಹೇಳಲಾರಿರಿ. ಕಾಲಕ್ರಮದಲ್ಲಿ ಜಾಹೀರಾತುದಾರರ ಗುರುತಿನ ಪರಿಶೀಲನೆಯ ಸೂಚನೆ ಬಂದೇ ಬರುತ್ತದೆ, ಆಗ ಯಾರ ಪ್ಯಾನ್, ಯಾರ ಜಿಎಸ್‌ಟಿ ಪತ್ರ ಕೊಡುತ್ತೀರಿ? ಅಂಗಡಿಯವರ ನಿಜವಾದ ಪತ್ರ ಕೊಟ್ಟರೆ ಹಳೆಯ ಕೊಂಡಿ ತೆರೆದುಕೊಳ್ಳುತ್ತದೆ, ಬೇರೆಯವರದು ಕೊಟ್ಟರೆ ಸುಳ್ಳು ಮಾಹಿತಿ ಕೊಟ್ಟಂತಾಗುತ್ತದೆ, ಅದೂ ಇದೇ ನೀತಿಯ ಉಲ್ಲಂಘನೆ. ಮೇಡಂ ಅವರ ಎರಡನೆಯ ಖಾತೆಯ ಸಂಖ್ಯೆ ಗೂಗಲ್ಲಿಗೆ ಗೊತ್ತಿಲ್ಲದ ಗುಟ್ಟೂ ಅಲ್ಲ, ಅದನ್ನು ಅಮಾನತು ಮಾಡಿದವರು ಅವರೇ.

ಇಳಕಲ್ ಮಗ್ಗ

ಎಲ್ಲರಿಗೂ ಧನ್ಯವಾದ. ಬಾಕಿ ಕಟ್ಟಿ, ಸೊನ್ನೆ ತೋರಿಸುವವರೆಗೆ ಕಾದು, ಮೊದಲ ಖಾತೆಯಿಂದ ಮೇಲ್ಮನವಿ ಸಲ್ಲಿಸಿದೆ. ಮಧ್ಯದಲ್ಲಿ ಪಾವತಿ ಪರಿಶೀಲನೆಗೆ ದಾಖಲೆ ಕೇಳಿದರು, ಜಿಎಸ್‌ಟಿ ಪತ್ರವನ್ನೂ ನನ್ನ ಗುರುತಿನ ಚೀಟಿಯನ್ನೂ ಕೊಟ್ಟೆ. ಈಗ ಮೊದಲ ಖಾತೆ ಮರುಸ್ಥಾಪನೆಯಾಗಿದೆ ಎಂದು ಇಮೇಲ್ ಬಂದಿದೆ. ಜಾಹೀರಾತುಗಳು ಮತ್ತೆ ಪರಿಶೀಲನೆಗೆ ಹೋಗಿ ಒಂದೊಂದಾಗಿ ಓಡಲು ಆರಂಭಿಸಿವೆ.

ಎರಡನೆಯ ಖಾತೆ ಮಾತ್ರ ಅಮಾನತಿನಲ್ಲೇ ಇದೆ. ಅದರಲ್ಲಿ ಆ ಹುಡುಗರು ನನ್ನಿಂದ ಯುಪಿಐನಲ್ಲಿ ಕಟ್ಟಿಸಿದ ಮುಂಗಡದಲ್ಲಿ ಸ್ವಲ್ಪ ಉಳಿದಿದೆ. ಅದಕ್ಕೂ ಮೇಲ್ಮನವಿ ಹಾಕಬೇಕೇ, ಅಥವಾ ಮುಚ್ಚಿಬಿಟ್ಟು ಹಣ ವಾಪಸ್ ಕೇಳಬೇಕೇ?

ಲೆಕ್ಕದ ಪುಸ್ತಕ

ಸಂತೋಷದ ಸುದ್ದಿ. ನೀವು ಎರಡನೆಯ ಸಲ ಕಟ್ಟಿದ 23,600 ರೂಪಾಯಿಯಲ್ಲಿ ಮತ್ತೊಮ್ಮೆ 3,600 ಜಿಎಸ್‌ಟಿ ಇನ್‌ಪುಟ್ ತೆಗೆದುಕೊಳ್ಳಬೇಡಿ. ಗೂಗಲ್ಲಿನ ತೆರಿಗೆ ಬಿಲ್ಲು ಒಂದೇ, ಹಿಂದಕ್ಕೆ ಹೋಗಿ ಮತ್ತೆ ಬಂದದ್ದು ಹಣ ಮಾತ್ರ. ಏಜೆನ್ಸಿಯವರು ಅದೇ ಜಾಹೀರಾತು ಖರ್ಚಿನ ಮೇಲೆ ತಮ್ಮ ಬಿಲ್ಲಿನಲ್ಲೂ ಜಿಎಸ್‌ಟಿ ಹಾಕಿದ್ದಾರೆಯೇ ನೋಡಿ. ಹಾಕಿದ್ದರೆ ವಸೂಲಿಗೆ ಬರೆಯುವ ನೋಟಿಸಿನಲ್ಲಿ ಆ ಸಾಲನ್ನೂ ಸೇರಿಸಬೇಕು. ಬಿಲ್ಲಿನ ಸ್ವರೂಪ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಕ್ಲಿಕ್ಕಿನ ಕೂಲಿ

ಎರಡನೆಯ ಖಾತೆಯನ್ನು ಜೀವಂತ ಮಾಡಿಸಿ ನಿಮಗೆ ಆಗಬೇಕಾದ್ದೇನೂ ಇಲ್ಲ. ಒಂದೇ ತಾಣಕ್ಕೆ ಎರಡು ಖಾತೆ ಇದ್ದರೆ ಮತ್ತೆ ಅದೇ ಪ್ರಶ್ನೆ ಏಳುತ್ತದೆ. ಖಾತೆಯನ್ನು ರದ್ದು ಮಾಡಿದರೆ ನೀವು ಕಟ್ಟಿದ ಹಣದಲ್ಲಿ ಉಳಿದದ್ದನ್ನು ಹಿಂದಿರುಗಿಸುವ ಪ್ರಕ್ರಿಯೆ ಸಾಮಾನ್ಯವಾಗಿ ಶುರುವಾಗುತ್ತದೆ. ಹೊಸ ಖಾತೆಗೆಂದು ಕೊಟ್ಟಿದ್ದ ಪ್ರೋತ್ಸಾಹದ ಕ್ರೆಡಿಟ್ ಏನಾದರೂ ಇದ್ದರೆ ಅದು ವಾಪಸ್ ಬರುವುದಿಲ್ಲ. ರದ್ದು ಮಾಡುವ ಮೊದಲು ಆ ಖಾತೆಯ ಬಿಲ್ಲುಗಳನ್ನು ಇಳಿಸಿಟ್ಟುಕೊಳ್ಳಿ, ಲೆಕ್ಕದವರು ಕೇಳಿಯೇ ಕೇಳುತ್ತಾರೆ.

ಸರ್ವರ್ ಮೇಷ್ಟ್ರು

ಇದರಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಹೆಸರಿನ ಮೇಲೆ ಈ ಕಳಂಕ ಉಳಿಯದಂತೆ ಎರಡನೆಯದಕ್ಕೂ ಒಂದು ಮೇಲ್ಮನವಿ ಹಾಕಿ, ಅಮಾನತು ತೆಗೆಸಿ, ಆಮೇಲೆ ರದ್ದು ಮಾಡುವುದು ಮೇಲು ಎನ್ನುತ್ತೇನೆ. ಕಾಫಿಪುಡಿಯವರು ಹಾಗೆಯೇ ಮಾಡಿದರು.

ಕ್ಲಿಕ್ಕಿನ ಕೂಲಿ

ಕಾಫಿಪುಡಿಯವರದು ತಾಣ ಹ್ಯಾಕ್ ಆದ ಪ್ರಸಂಗ, ಅಲ್ಲಿ ಒಂದೇ ಖಾತೆ ಇತ್ತು, ಅದು ಬೇಕೇ ಇತ್ತು. ಇಲ್ಲಿ ಎರಡನೆಯದಕ್ಕೆ ಏನೆಂದು ವಾದಿಸುತ್ತೀರಿ? ಅದು ತೆರೆಯಲೇಬಾರದಿದ್ದ ಖಾತೆ. ಆದರೂ ನೀವು ಹೇಳಿದಂತೆ ಮೊದಲನೆಯದು ಮರುಸ್ಥಾಪನೆಯಾದ ಇಮೇಲನ್ನು ಉಲ್ಲೇಖಿಸಿ ಒಮ್ಮೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ, ತಿರಸ್ಕರಿಸಿದರೆ ಅಲ್ಲಿಗೇ ಬಿಟ್ಟು ರದ್ದು ಮಾಡಿ. ಮೇಡಂ, ಯಾವ ದಾರಿ ಹಿಡಿದರೂ ಆ ಮಾರ್ಕೆಟಿಂಗ್ ಹುಡುಗರ ಇಮೇಲುಗಳು ಮೊದಲ ಖಾತೆಯಲ್ಲಿ ಅಡ್ಮಿನ್ ಆಗಿ ಸೇರಿಲ್ಲ ಎಂಬುದನ್ನು ಇವತ್ತೇ ನೋಡಿಬಿಡಿ.

ಇಳಕಲ್ ಮಗ್ಗ

ನೋಡಿದೆ ಸರ್, ಒಬ್ಬರದು ಇತ್ತು, ತೆಗೆದೆ. ಏಜೆನ್ಸಿಗೆ ನೋಟಿಸ್ ಕಳಿಸಲು ವಕೀಲರನ್ನು ನಾಳೆ ಕಾಣುತ್ತೇನೆ. ಎರಡನೆಯ ಖಾತೆಯ ಮುಂಗಡ ಬಂತೋ ಇಲ್ಲವೋ ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.